ಬಿಲ್ 1,77,000, ಪಾವತಿ 1,74,000

2024ರ ಜುಲೈ ಮೊದಲ ವಾರದಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಮಷೀನಿಂಗ್ ಕಾರ್ಖಾನೆಯ ಲೆಕ್ಕಪತ್ರ ನನ್ನ ಕೈಗೆ ಬಂತು. ಹಿಂದೆ ಲೆಕ್ಕ ಬರೆಯುತ್ತಿದ್ದವರು ಜೂನ್ ತಿಂಗಳ ಟಿಡಿಎಸ್ ಚಲನ್ ಕಟ್ಟಿಯೇ ಹೋಗಿದ್ದರು. ಆ ಮಟ್ಟಿಗೆ ಅವರು ಕಟ್ಟುನಿಟ್ಟಿನವರೇ. ಸರಬರಾಜುದಾರರಿಂದ ಮುರಿದುಕೊಂಡ ತೆರಿಗೆಯಲ್ಲಿ ಒಂದು ರೂಪಾಯಿಯೂ ಸರ್ಕಾರಕ್ಕೆ ಬಾಕಿ ಇರಲಿಲ್ಲ. ತೊಂದರೆ ಇದ್ದದ್ದು ಪುಸ್ತಕದಲ್ಲಿ. ಏಪ್ರಿಲ್‌ನಿಂದ ಜೂನ್‌ವರೆಗಿನ ಟಿಡಿಎಸ್ ವಿವರ ಕೊಡುವ 26ಕ್ಯೂ ರಿಟರ್ನ್ ಸಲ್ಲಿಸಲು ಜುಲೈ 31 ಕೊನೆಯ ದಿನ. ಅದಕ್ಕೆ ಬೇಕಾದ ಅಂಕಿಗಳು ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ.

ಉದಾಹರಣೆಗೆ ಕಾರ್ಮಿಕರನ್ನು ಒದಗಿಸುವ ಗುತ್ತಿಗೆದಾರರ ಲೆಕ್ಕವನ್ನೇ ತೆಗೆದುಕೊಳ್ಳಿ. ಅವರದು ಪಾಲುದಾರಿಕೆ ಸಂಸ್ಥೆ. ಬರೆಯುವ ಅನುಕೂಲಕ್ಕೆ ತಿಂಗಳ ಬಿಲ್ ಒಂದೂವರೆ ಲಕ್ಷ ಎಂದಿಟ್ಟುಕೊಳ್ಳುತ್ತೇನೆ. ಅದರ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 27,000 ರೂಪಾಯಿ, ಒಟ್ಟು 1,77,000. ಶೇಕಡಾ 2ರ ಟಿಡಿಎಸ್ 3,000 ಹಿಡಿದು ಅವರಿಗೆ 1,74,000 ಪಾವತಿಯಾಗುತ್ತಿತ್ತು. ಹಳಬರು ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಎಂಟ್ರಿ ಹಾಕುವವರು. ಬ್ಯಾಂಕಿನಿಂದ 1,74,000 ಹೋಗಿದೆ, ಕಾರ್ಮಿಕ ವೆಚ್ಚ 1,74,000 ಎಂದು ಒಂದು ಎಂಟ್ರಿ. ಮುಂದಿನ ತಿಂಗಳ ಏಳನೆಯ ತಾರೀಖಿಗೆ ಚಲನ್ ಮೂಲಕ 3,000 ಹೋಗಿದೆ, ತೆರಿಗೆ ವೆಚ್ಚ 3,000 ಎಂದು ಇನ್ನೊಂದು. ಗುತ್ತಿಗೆದಾರರ ಹೆಸರಿನಲ್ಲಿ ಖಾತೆಯೇ ಇರಲಿಲ್ಲ.

ಹಣ ಹೋದ ಲೆಕ್ಕವಾಗಿ ಇದು ಸರಿ. ಮೂರು ತಿಂಗಳಲ್ಲಿ ಬ್ಯಾಂಕಿನಿಂದ ಹೋಗಿದ್ದು 5,31,000, ಪುಸ್ತಕದಲ್ಲೂ ಅಷ್ಟೇ ಇತ್ತು. ಆದರೆ ಅದರೊಳಗೆ ಮೂರು ಬೇರೆ ಬೇರೆ ವಿಷಯಗಳು ಕಲಸಿಹೋಗಿದ್ದವು. ನಮ್ಮ ನಿಜವಾದ ಖರ್ಚು 4,50,000. ಜಿಎಸ್‌ಟಿಯ 81,000 ಖರ್ಚಲ್ಲ, ನಮಗೆ ಮರಳಿ ಸಿಗುವ ಇನ್‌ಪುಟ್ ಕ್ರೆಡಿಟ್. ಸಲಹೆಗಾರರು ಪೋರ್ಟಲ್‌ನ ಕ್ರೆಡಿಟ್ ಪಟ್ಟಿ ಜಿಎಸ್‌ಟಿಆರ್-2ಬಿ ನೋಡಿ ರಿಟರ್ನಿನಲ್ಲಿ ಅದನ್ನು ಪಡೆದೂ ಆಗಿತ್ತು, ಪುಸ್ತಕದಲ್ಲಿ ಮಾತ್ರ ಅದರ ಸುಳಿವಿರಲಿಲ್ಲ. ಇನ್ನು ಆ 9,000 ರೂಪಾಯಿ ಟಿಡಿಎಸ್ ನಮ್ಮ ತೆರಿಗೆಯೇ ಅಲ್ಲ. ಗುತ್ತಿಗೆದಾರರ ಆದಾಯ ತೆರಿಗೆಯನ್ನು ಅವರದೇ ಹಣದಿಂದ ಹಿಡಿದು ಅವರ ಪ್ಯಾನ್‌ಗೆ ಕಟ್ಟಿದ್ದು. ಅದನ್ನು ನಮ್ಮ ಖರ್ಚು ಎಂದು ಬರೆದರೆ ಯಾವ ಆಡಿಟರೂ ಒಪ್ಪುವುದಿಲ್ಲ.

ನಿವ್ವಳ ಮೊತ್ತವನ್ನೇ ಬರೆದರೆ ಏನಾಗುತ್ತದೆ ಎನ್ನುವುದು 26ಕ್ಯೂ ತುಂಬಲು ಕುಳಿತಾಗ ಸ್ಪಷ್ಟವಾಯಿತು. ಆ ನಮೂನೆಯಲ್ಲಿ ಪ್ರತಿ ಸಾಲಿಗೂ ಪಾವತಿಸಿದ ಅಥವಾ ಜಮಾ ಮಾಡಿದ ಮೊತ್ತ, ದಿನಾಂಕ, ಹಿಡಿದ ತೆರಿಗೆ ಇವನ್ನು ತುಂಬಬೇಕು. ಪುಸ್ತಕದಲ್ಲಿರುವ 1,74,000ವನ್ನೇ ಎತ್ತಿ ಬರೆದು ಪಕ್ಕದಲ್ಲಿ 3,000 ಎಂದರೆ ಅದು ಶೇಕಡಾ 1.72 ಆಗುತ್ತದೆ. ಇಲಾಖೆಯ ಕಂಪ್ಯೂಟರು 1,74,000ಕ್ಕೆ ಶೇಕಡಾ 2ರಂತೆ 3,480 ಆಗಬೇಕಿತ್ತು ಎಂದು ಲೆಕ್ಕ ಹಾಕಿ, 480 ರೂಪಾಯಿ ಕಡಿಮೆ ಹಿಡಿದಿದ್ದೀರಿ ಎಂದು ನೋಟಿಸ್ ಕಳಿಸುತ್ತದೆ. ತೆರಿಗೆ ಪೂರ್ತಿ ಕಟ್ಟಿದ್ದರೂ ಮೂರು ತಿಂಗಳಿಗೆ 1,440 ರೂಪಾಯಿಯ ಬೇಡಿಕೆ, ಅದರ ಮೇಲೆ ಬಡ್ಡಿ. ಬಿಲ್‌ನಲ್ಲಿ ಜಿಎಸ್‌ಟಿಯನ್ನು ಬೇರೆ ತೋರಿಸಿದ್ದರೆ ಅದನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಟಿಡಿಎಸ್ ಎಂದು 2017ರ ಸುತ್ತೋಲೆ ಹೇಳುತ್ತದೆ. ಆದ್ದರಿಂದ ರಿಟರ್ನಿಗೆ ಹೋಗಬೇಕಾದದ್ದು ಬ್ಯಾಂಕಿನ ಅಂಕಿಯೂ ಅಲ್ಲ, ಬಿಲ್‌ನ ಕೆಳಗಿನ ಒಟ್ಟು ಅಂಕಿಯೂ ಅಲ್ಲ, ನಡುವೆ ಇರುವ 1,50,000.

ಸರಿಪಡಿಸಲು ಅಡ್ಡದಾರಿಯೊಂದಿತ್ತು. ತಿಂಗಳಿಗೊಂದು ಜರ್ನಲ್ ಹಾಕಿ ಕಾರ್ಮಿಕ ವೆಚ್ಚದಿಂದ 24,000, ತೆರಿಗೆ ವೆಚ್ಚದಿಂದ 3,000 ತೆಗೆದು, ಆ 27,000ವನ್ನು ಇನ್‌ಪುಟ್ ಜಿಎಸ್‌ಟಿಗೆ ಹಾಕಿಬಿಟ್ಟರೆ ಅಂಕಿಗಳು ಸರಿಯಾಗುತ್ತವೆ. ನಾನು ಹಾಗೆ ಮಾಡಲಿಲ್ಲ. ಹಾಗೆ ಮಾಡಿದರೆ ಖರ್ಚು ಸರಿಯಾಗುತ್ತದೆ, ಆದರೆ ಗುತ್ತಿಗೆದಾರರ ಜೊತೆಗಿನ ವ್ಯವಹಾರ ಎಲ್ಲಿಯೂ ಕಾಣುವುದಿಲ್ಲ. ಅವರ ಹೆಸರಿನಲ್ಲಿ ಲೆಡ್ಜರ್ ತೆರೆದು, ಹಳೆಯ ಬ್ಯಾಂಕ್ ಎಂಟ್ರಿಗಳನ್ನು ವೆಚ್ಚದಿಂದ ಬಿಡಿಸಿ ಅವರ ಖಾತೆಗೆ ತಿರುಗಿಸಿದೆ. ಚಲನ್ ಕಟ್ಟಿದ ಎಂಟ್ರಿಗಳನ್ನು ಟಿಡಿಎಸ್ ಬಾಕಿ ಖಾತೆಗೆ ತಿರುಗಿಸಿದೆ. ಆಮೇಲೆ ಮೂಲ ಬಿಲ್‌ಗಳನ್ನು ಫೈಲಿನಿಂದ ತೆಗೆದು ಒಂದೊಂದಾಗಿ ಹೀಗೆ ಬರೆದೆ:

```
Labour Contract Charges    Dr   1,50,000
Input CGST                 Dr     13,500
Input SGST                 Dr     13,500
    Labour Contractor      Cr   1,77,000

Labour Contractor          Dr      3,000
    TDS Payable 194C       Cr      3,000
```

ಮೊದಲ ಎಂಟ್ರಿಯಲ್ಲಿ ಪೂರ್ತಿ ಬಿಲ್ ಗುತ್ತಿಗೆದಾರರ ಖಾತೆಗೆ ಜಮಾ ಆಗುತ್ತದೆ. ಎರಡನೆಯದರಲ್ಲಿ ಅವರಿಗೆ ಕೊಡಬೇಕಾದ ಮೂರು ಸಾವಿರ ಸರ್ಕಾರಕ್ಕೆ ಕೊಡಬೇಕಾದ ಮೂರು ಸಾವಿರವಾಗಿ ಬದಲಾಗುತ್ತದೆ. ಇಷ್ಟಾದ ಮೇಲೆ ಅವರ ಖಾತೆಯಲ್ಲಿ ಉಳಿಯುವುದು 1,74,000. ನಿವ್ವಳ ಎನ್ನುವುದು ಹೀಗೆ ತಾನಾಗಿ ಉಳಿಯಬೇಕಾದ ಬಾಕಿಯೇ ಹೊರತು ನಾವು ಕೈಯಿಂದ ಬರೆಯುವ ಅಂಕಿಯಲ್ಲ. ಬ್ಯಾಂಕಿನಿಂದ ಅಷ್ಟು ಹೋದರೆ ಖಾತೆ ಸೊನ್ನೆಗೆ ಬರುತ್ತದೆ, ಏಳರಂದು ಚಲನ್ ಕಟ್ಟಿದರೆ ಟಿಡಿಎಸ್ ಬಾಕಿಯೂ ಸೊನ್ನೆಗೆ ಬರುತ್ತದೆ. ಎರಡರಲ್ಲಿ ಯಾವುದು ಸೊನ್ನೆಗೆ ಬರದಿದ್ದರೂ ಎಲ್ಲೋ ಒಂದು ಎಂಟ್ರಿ ತಪ್ಪಿದೆ ಎಂದು ಗೊತ್ತಾಗುತ್ತದೆ. ಹಳೆಯ ಪದ್ಧತಿಯಲ್ಲಿ ಈ ಪರೀಕ್ಷೆಗೆ ಅವಕಾಶವೇ ಇರಲಿಲ್ಲ.

ಟಿಡಿಎಸ್ ಬಾಕಿ ಖಾತೆಯನ್ನು ನಾನು ಒಂದೇ ಇಡುವುದಿಲ್ಲ. ಗುತ್ತಿಗೆಗೆ ಒಂದು, ವೃತ್ತಿಪರರ ಶುಲ್ಕಕ್ಕೆ ಒಂದು, ಬಾಡಿಗೆಗೆ ಒಂದು, ಹೀಗೆ ಸೆಕ್ಷನ್‌ಗೊಂದರಂತೆ ತೆರೆಯುತ್ತೇನೆ. ಟ್ಯಾಲಿ ಒಂದೇ ಲೆಡ್ಜರಿನಿಂದಲೂ ಬೇರ್ಪಡಿಸಿ ಕೊಡಬಲ್ಲದು, ಆದರೆ ತಿಂಗಳ ಕೊನೆಯಲ್ಲಿ ಕಣ್ಣಾಡಿಸಿದೊಡನೆ ಯಾವುದಕ್ಕೆ ಎಷ್ಟು ಎಂದು ಕಾಣಬೇಕೆನ್ನುವುದು ನನ್ನ ಹಟ.

ಜುಲೈ ಮೂರನೆಯ ವಾರದಲ್ಲಿ ಆ ಗುತ್ತಿಗೆದಾರರೇ ಕಚೇರಿಗೆ ಬಂದರು. ಅವರ ಕೈಯಲ್ಲಿ ತಮ್ಮ ಲೆಡ್ಜರಿನ ಪ್ರತಿ, ಅದರಲ್ಲಿ ನಮ್ಮಿಂದ 9,000 ರೂಪಾಯಿ ಬಾಕಿ. "ಮೇಡಂ, ಪ್ರತಿ ತಿಂಗಳೂ ಮೂರು ಸಾವಿರ ಕಡಿಮೆ ಬರುತ್ತಿದೆ. ಕೇಳಿದರೆ ಟಿಡಿಎಸ್ ಎನ್ನುತ್ತಾರೆ, ಕಾಗದ ಮಾತ್ರ ಕೊಡುವುದಿಲ್ಲ" ಎಂದರು. ಅವರು ಹೇಳಿದ್ದರಲ್ಲಿ ಅರ್ಧ ನ್ಯಾಯ. ಟಿಡಿಎಸ್ ಹಿಡಿದದ್ದಕ್ಕೆ ಕೊಡುವ 16ಎ ಪ್ರಮಾಣಪತ್ರ ನಾವು ಬರೆದು ಕೊಡುವಂಥದ್ದಲ್ಲ, ತ್ರೈಮಾಸಿಕ ರಿಟರ್ನ್ ಸಲ್ಲಿಕೆಯಾಗಿ ಅದು ಸಂಸ್ಕರಣೆಯಾದ ಮೇಲೆ ಇಲಾಖೆಯ ಟ್ರೇಸಸ್ ಪೋರ್ಟಲ್‌ನಿಂದ ಇಳಿಸಿಕೊಳ್ಳಬೇಕು. ಮೊದಲ ತ್ರೈಮಾಸಿಕಕ್ಕೆ ಆಗಸ್ಟ್ 15ರವರೆಗೆ ಸಮಯವಿರುತ್ತದೆ. ಆದರೆ ಪ್ರತಿ ಪಾವತಿಯ ಜೊತೆ ಇಷ್ಟು ಬಿಲ್, ಇಷ್ಟು ಟಿಡಿಎಸ್, ಇಷ್ಟು ಪಾವತಿ ಎಂಬ ಒಂದು ಚೀಟಿಯನ್ನಾದರೂ ನಾವು ಕಳಿಸಬಹುದಿತ್ತು. ಆ ತಿಂಗಳಿಂದ ಅದನ್ನು ಕಡ್ಡಾಯ ಮಾಡಿಕೊಂಡೆ. ನಮ್ಮ ಪುಸ್ತಕದಲ್ಲಿ ಸೊನ್ನೆ, ಅವರ ಪುಸ್ತಕದಲ್ಲಿ 9,000 ಎಂಬ ವ್ಯತ್ಯಾಸ ಒಂದು ಪುಟದ ಖಾತೆ ವಿವರದಿಂದ ಇತ್ಯರ್ಥವಾಯಿತು. ಅವರ ಲೆಕ್ಕದವರು ಆ ಮೊತ್ತವನ್ನು ನಮ್ಮ ಹೆಸರಿನಿಂದ ತೆಗೆದು ಟಿಡಿಎಸ್ ಬರಬೇಕಾದ ಖಾತೆಗೆ ಹಾಕಿಕೊಂಡರೆ ಸಾಕಿತ್ತು.

ಅವರ ಇನ್ನೊಂದು ತಕರಾರು ಅಷ್ಟು ಸುಲಭದ್ದಲ್ಲ. ಬಿಲ್‌ನಲ್ಲಿ ಹೆಚ್ಚಿನದೆಲ್ಲ ಕಾರ್ಮಿಕರ ಕೂಲಿ, ಪಿಎಫ್, ಇಎಸ್‌ಐ. ಅವರಿಗೆ ಉಳಿಯುವ ಸೇವಾ ಶುಲ್ಕ ಚಿಕ್ಕದು. "ಕೂಲಿ ನನ್ನ ಆದಾಯವೇ? ನನ್ನ ಕಮಿಷನ್ ಮೇಲಷ್ಟೇ ಟಿಡಿಎಸ್ ಹಿಡಿಯಿರಿ" ಎಂದು ಕೇಳಿದರು. ಕೇಳುವುದರಲ್ಲಿ ತರ್ಕವಿದೆ, ಆದರೆ ಸೆಕ್ಷನ್ 194ಸಿ ಹಾಗಿಲ್ಲ. ಕಾರ್ಮಿಕರನ್ನು ಒದಗಿಸುವುದೂ ಅದರ ಪ್ರಕಾರ ಗುತ್ತಿಗೆಯೇ, ಗುತ್ತಿಗೆಗೆ ಕೊಡುವ ಪೂರ್ತಿ ಮೊತ್ತದ ಮೇಲೆ ತೆರಿಗೆ ಹಿಡಿಯಬೇಕು. ಲಾಭ ಕಡಿಮೆ ಇರುವವರಿಗೆ ಕಾಯ್ದೆ ಬೇರೆ ಬಾಗಿಲು ಇಟ್ಟಿದೆ. ನಮೂನೆ 13ರಲ್ಲಿ ಆನ್‌ಲೈನ್ ಅರ್ಜಿ ಹಾಕಿ, ತಮ್ಮ ಆದಾಯದ ಲೆಕ್ಕ ತೋರಿಸಿ, ಸೆಕ್ಷನ್ 197ರ ಅಡಿ ಕಡಿಮೆ ದರದ ಪ್ರಮಾಣಪತ್ರ ತರಬಹುದು. ಅದನ್ನು ಹೇಳಿ ಕಳಿಸಿದೆ. ಅದರ ಕಥೆ ಮುಂದೆ ಬರುತ್ತದೆ.

ದರ ಯಾರಿಗೆ ಎಷ್ಟು ಎಂದು ತಿಳಿಯಲು ನಾನು ನೋಡುವುದು ಪ್ಯಾನ್‌ನ ನಾಲ್ಕನೆಯ ಅಕ್ಷರ. ಅದು `P` ಆಗಿದ್ದರೆ ವ್ಯಕ್ತಿ, `H` ಆಗಿದ್ದರೆ ಹಿಂದೂ ಅವಿಭಕ್ತ ಕುಟುಂಬ, ಗುತ್ತಿಗೆಗೆ ಶೇಕಡಾ 1. `F` ಎಂದರೆ ಪಾಲುದಾರಿಕೆ ಸಂಸ್ಥೆ, `C` ಎಂದರೆ ಕಂಪನಿ, ಶೇಕಡಾ 2. ಲೆಟರ್‌ಹೆಡ್ ಮೇಲಿನ ಹೆಸರು ನಂಬಿಕೊಂಡರೆ ಕೆಟ್ಟಿತು. ಎಂಟರ್‌ಪ್ರೈಸಸ್, ಇಂಡಸ್ಟ್ರೀಸ್, ಗ್ರೂಪ್ ಎಂದೆಲ್ಲ ದಪ್ಪಕ್ಷರದಲ್ಲಿ ಮುದ್ರಿಸಿಕೊಂಡವರ ಪ್ಯಾನ್ ನೋಡಿದರೆ ಅಲ್ಲಿ `P` ಇರುತ್ತದೆ, ಅಂದರೆ ಒಬ್ಬರದೇ ವ್ಯವಹಾರ. ನಮ್ಮಲ್ಲಿ ಪೇಂಟಿಂಗ್ ಗುತ್ತಿಗೆದಾರರು ಹಾಗೆಯೇ.

ಆ ಪೇಂಟಿಂಗ್ ಕೆಲಸದ ಲೆಕ್ಕವೇ ಮುಂಗಡದ ಪಾಠ. ಮಳೆ ಸೋರುತ್ತಿದ್ದ ಶೆಡ್ಡಿನ ಛಾವಣಿಗೆ ಬಣ್ಣ ಮತ್ತು ವಾಟರ್‌ಪ್ರೂಫಿಂಗ್ ಮಾಡಿಸಲು 1,20,000 ಮತ್ತು ಜಿಎಸ್‌ಟಿಗೆ ಮಾತಾಗಿತ್ತು. ಜುಲೈ ಕೊನೆಯಲ್ಲಿ ನಮ್ಮ ಮಾಲೀಕರು ಕಂಪನಿಯ ಖಾತೆಯಿಂದ 40,000 ಮುಂಗಡ ಕಳಿಸಿ, ಸಂಜೆ ನನಗೆ ಹೇಳಿದರು. ಬಿಲ್ ಬಂದಾಗ ಟಿಡಿಎಸ್ ಹಿಡಿದರಾಯಿತು ಎಂಬುದು ಅವರ ಲೆಕ್ಕ. ಆದರೆ ಕಾಯ್ದೆಯ ಪ್ರಕಾರ ಜಮಾ ಅಥವಾ ಪಾವತಿ, ಯಾವುದು ಮೊದಲೋ ಆಗಲೇ ತೆರಿಗೆ ಹಿಡಿಯಬೇಕು. ಮುಂಗಡವೂ ಪಾವತಿಯೇ, ಅದೂ ಒಂದೇ ಸಲಕ್ಕೆ 30,000 ಮೀರಿದ್ದು.

"ಹಣ ಹೋಗಿಯಾಯಿತಲ್ಲ, ಈಗ ಎಲ್ಲಿಂದ ಹಿಡಿಯುವುದು? ಅವರ ತೆರಿಗೆಗೆ ನಾನೇಕೆ ಕೈಯಿಂದ ಹಾಕಬೇಕು?" ಎಂದರು ಮಾಲೀಕರು.

"ಕೈಯಿಂದ ಹಾಕುವುದಿಲ್ಲ ಸರ್, ಅವರ ಲೆಕ್ಕಕ್ಕೆ ಬರೆಯುತ್ತೇನೆ. ಬಿಲ್ ಬಂದಾಗ ಕಳೆದುಕೊಳ್ಳೋಣ. ಹಿಡಿಯದೇ ಬಿಟ್ಟರೆ ಖರ್ಚಿನ ನೂರಕ್ಕೆ ಮೂವತ್ತು ಪಾಲನ್ನು ನಮ್ಮ ಆದಾಯಕ್ಕೇ ಸೇರಿಸುತ್ತಾರೆ" ಎಂದೆ. ಅಷ್ಟು ಸಾಕಾಯಿತು.

ಮುಂಗಡದಲ್ಲಿ ಜಿಎಸ್‌ಟಿ ಎಷ್ಟು ಎಂದು ಬೇರ್ಪಡಿಸಿ ತೋರಿಸಿರಲಿಲ್ಲವಾದ್ದರಿಂದ ಪೂರ್ತಿ 40,000ಕ್ಕೆ ಶೇಕಡಾ 1ರಂತೆ 400. ಗುತ್ತಿಗೆದಾರರ ಖಾತೆಗೆ ಬ್ಯಾಂಕಿನಿಂದ ಹೋದ 40,000 ಡೆಬಿಟ್, ಜರ್ನಲ್ ಮೂಲಕ ಟಿಡಿಎಸ್‌ನ 400 ಡೆಬಿಟ್. ಅವರಿಂದ ನಮಗೆ ಬರಬೇಕಾದದ್ದು ಈಗ 40,400. ಆಗಸ್ಟ್ ಏಳರೊಳಗೆ ಆ 400 ಕಟ್ಟಿದೆವು. ಆಗಸ್ಟ್ ಕೊನೆಗೆ ಕೆಲಸ ಮುಗಿದು 1,41,600ರ ಬಿಲ್ ಬಂತು, ಅದರಲ್ಲಿ ಕೆಲಸದ ಬೆಲೆ 1,20,000. ಒಟ್ಟು ಹಿಡಿಯಬೇಕಾದ ಟಿಡಿಎಸ್ 1,200. ಅದರಲ್ಲಿ 400 ಆಗಲೇ ಹಿಡಿದಾಗಿದೆ, ಈಗ 800 ಮಾತ್ರ. ಅವರ ಖಾತೆಯಲ್ಲಿ ಜಮಾ 1,41,600. ಎದುರಿಗೆ 40,000, 400, 800. ಉಳಿದ 1,00,400 ಪಾವತಿಸಿದರೆ ಖಾತೆ ಚುಕ್ತಾ.

ಇಲ್ಲಿ ಎಡವುವುದು ಸಾಮಾನ್ಯವಾಗಿ ಬಿಲ್ ದಿನ. ಟ್ಯಾಲಿಯಲ್ಲಿ ಬಿಲ್ ಹಾಕಿದೊಡನೆ ಅದು ಪೂರ್ತಿ 1,20,000ಕ್ಕೆ ಲೆಕ್ಕ ಹಾಕಿ 1,200 ತೋರಿಸಬಹುದು. ಮುಂಗಡವನ್ನು ಬಿಲ್‌ಗೆ ಜೋಡಿಸದೆ ಹಾಗೇ ಒಪ್ಪಿಕೊಂಡರೆ ಒಟ್ಟು 1,600 ಹಿಡಿದಂತಾಗುತ್ತದೆ, ಗುತ್ತಿಗೆದಾರರಿಗೆ 400 ಕಡಿಮೆ ಹೋಗುತ್ತದೆ. 26ಕ್ಯೂನಲ್ಲೂ ಜುಲೈಗೆ 40,000, ಆಗಸ್ಟ್‌ಗೆ 80,000 ಎಂದು ಎರಡು ಸಾಲು ಬರಬೇಕು. 40,000 ಮತ್ತು 1,20,000 ಎಂದು ಬಂದರೆ ಅವರ ತೆರಿಗೆ ವಿವರ ತೋರಿಸುವ 26ಎಎಸ್‌ನಲ್ಲಿ ಮಾಡದ ಕೆಲಸಕ್ಕೂ ಆದಾಯ ಕಾಣಿಸಿಕೊಳ್ಳುತ್ತದೆ.

ಮಿತಿಯ ವಿಷಯದಲ್ಲಿ ಬಹಳ ಜನ ಕೈಬೆರಳಲ್ಲಿ ಎಣಿಸುವುದು ಒಂದೇ ಸಂಖ್ಯೆ, 30,000. ನಮ್ಮ ಕಂಪ್ರೆಸರ್ ಸರ್ವಿಸ್ ಮಾಡುವವರಿಗೆ ತಿಂಗಳಿಗೆ 9,000ದ ಬಿಲ್. ಹಿಂದೆ ಅವರಿಗೆ ಟಿಡಿಎಸ್ ಹಿಡಿದೇ ಇರಲಿಲ್ಲ, 30,000 ಎಲ್ಲಿ, 9,000 ಎಲ್ಲಿ ಎಂದು. ಆದರೆ ಅವರ ಜೊತೆ ಇರುವುದು ವರ್ಷದ ಒಪ್ಪಂದ, ಹನ್ನೆರಡು ತಿಂಗಳಿಗೆ 1,08,000. ವರ್ಷದಲ್ಲಿ ಒಟ್ಟು ಒಂದು ಲಕ್ಷ ಮೀರಿದರೆ ಹಿಡಿಯಬೇಕು ಎಂಬುದು ಗೊತ್ತಿರುವವರೂ ಮಾರ್ಚ್‌ನಲ್ಲಿ ಮೀರಿದಾಗ ನೋಡೋಣ ಎನ್ನುತ್ತಾರೆ. ಕಾಯ್ದೆಯ ಮಾತು ಹಾಗಿಲ್ಲ. ವರ್ಷದಲ್ಲಿ ಜಮಾ ಆದ, ಪಾವತಿಯಾದ ಅಥವಾ ಆಗುವ ಸಂಭವವಿರುವ ಮೊತ್ತ ಎಂದಿದೆ. ಒಪ್ಪಂದ ಕೈಯಲ್ಲೇ ಇರುವಾಗ ಸಂಭವವಿರಲಿಲ್ಲ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಮೊದಲ ಬಿಲ್‌ನಿಂದಲೇ ಶೇಕಡಾ 1ರಂತೆ ತಿಂಗಳಿಗೆ 90 ರೂಪಾಯಿ ಹಿಡಿಯಬೇಕಿತ್ತು. ಜುಲೈ ಬಿಲ್ ಬಂದಾಗ ಏಪ್ರಿಲ್, ಮೇ, ಜೂನ್‌ಗಳದ್ದೂ ಸೇರಿ 360 ಹಿಡಿದು, ತಡವಾಗಿ ಹಿಡಿದದ್ದಕ್ಕೆ ತಿಂಗಳಿಗೆ ಶೇಕಡಾ 1ರ ಬಡ್ಡಿಯನ್ನು ನಮ್ಮ ಕೈಯಿಂದ ಕಟ್ಟಿದೆವು. ಬಡ್ಡಿ ಕೆಲವು ರೂಪಾಯಿಗಳಷ್ಟೇ. ಅದನ್ನು ಸರಬರಾಜುದಾರರ ಖಾತೆಗೆ ಹಾಕುವಂತಿಲ್ಲ, ಅದು ನಮ್ಮ ಖರ್ಚು. ಆದಾಯ ಲೆಕ್ಕಹಾಕುವಾಗ ಕಳೆಯಲಾಗದ ಖರ್ಚು ಎಂದು ಆಡಿಟರ್ ಅದನ್ನು ಬೇರೆಯಾಗಿಯೇ ಇಡಿಸಿದರು. ಮೊದಲೇ ತಿಳಿಯದೆ, ಕರೆದಾಗ ಬಂದು ಕೆಲಸ ಮಾಡಿ ಹೋಗುವವರಿಗೆ ಮಾತ್ರ ಲಕ್ಷ ದಾಟಿದ ಬಿಲ್‌ನಲ್ಲಿ ಹಿಂದಿನದೂ ಸೇರಿಸಿ ಹಿಡಿಯುವುದು ನಮ್ಮ ಈಗಿನ ರೂಢಿ.

ಹಿಂದೆ ಹೇಳಿದ್ದು, ಮುಂದೆ ಹೇಳುವುದು ಎಲ್ಲವೂ 1961ರ ಕಾಯ್ದೆಯ 2024-25ರ ನಿಯಮ, ಲೆಕ್ಕಗಳು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಪುಸ್ತಕದಲ್ಲಿ ಡೆಬಿಟ್ ಕ್ರೆಡಿಟ್ ಬರೆಯುವ ಕ್ರಮ ಬದಲಾಗಿಲ್ಲ.

ದರ, ಮಿತಿಗಳಿಗಿಂತ ನನ್ನ ತಲೆ ತಿಂದದ್ದು ತಾರೀಖು. ತಿಂಗಳ ಕೊನೆಯ ದಿನದ ಬಿಲ್‌ಗಳು ನಮ್ಮ ಮೇಜಿಗೆ ಬರುವುದು ಮುಂದಿನ ತಿಂಗಳ ಎಂಟು, ಒಂಬತ್ತಕ್ಕೆ. ಆಗಸ್ಟ್ 31ರ ತಾರೀಖಿನಲ್ಲೇ ಅದನ್ನು ಪುಸ್ತಕಕ್ಕೆ ಹಾಕಿದರೆ ಟಿಡಿಎಸ್ ಆಗಸ್ಟ್‌ಗೆ ಸೇರುತ್ತದೆ, ಅದರ ಗಡುವು ಸೆಪ್ಟೆಂಬರ್ 7ಕ್ಕೇ ಮುಗಿದಿರುತ್ತದೆ. ಹಿಡಿದ ತೆರಿಗೆಯನ್ನು ತಡವಾಗಿ ಕಟ್ಟಿದರೆ ಬಡ್ಡಿ ತಿಂಗಳಿಗೆ ಶೇಕಡಾ 1.5, ತಿಂಗಳ ಭಾಗವೂ ಪೂರ್ತಿ ತಿಂಗಳೇ. ಅದನ್ನು ಎಣಿಸುವುದು ಹಿಡಿದ ದಿನದಿಂದ, ಗಡುವಿನಿಂದಲ್ಲ. ಇಲಾಖೆಯ ಕಂಪ್ಯೂಟರು ಕ್ಯಾಲೆಂಡರ್ ತಿಂಗಳು ಎಣಿಸುತ್ತದೆ. ಆಗಸ್ಟ್ 31ಕ್ಕೆ ಹಿಡಿದ 3,000ವನ್ನು ಸೆಪ್ಟೆಂಬರ್ 9ಕ್ಕೆ ಕಟ್ಟಿದರೆ ಆಗಸ್ಟ್ ಒಂದು, ಸೆಪ್ಟೆಂಬರ್ ಒಂದು, ಎರಡು ತಿಂಗಳಿಗೆ ಶೇಕಡಾ 3, ಅಂದರೆ 90 ರೂಪಾಯಿ. ತಡವಾದದ್ದು ಎರಡೇ ದಿನ! ಹಿಂದಿನ ವರ್ಷದ ಇಂಥ ಸಣ್ಣ ಬೇಡಿಕೆಗಳು ಕಚೇರಿಯ ಇಮೇಲ್‌ನಲ್ಲಿ ಓದದೆ ಬಿದ್ದಿದ್ದವು.

ಬಿಲ್ ಕೈಗೆ ಬಂದ ದಿನವೇ, ಸೆಪ್ಟೆಂಬರ್ ತಾರೀಖಿನಲ್ಲಿ ಬರೆಯುವವರಿದ್ದಾರೆ. ಕೆಲಸ ಆಗಸ್ಟ್‌ನದಾದರೆ ತಿಂಗಳ ಲೆಕ್ಕ ಆಗ ಕೆಡುತ್ತದೆ, ನಾವು ಯಾರಿಗೆ ಎಷ್ಟು ಕೊಡಬೇಕು ಎಂಬ ಪಟ್ಟಿಯನ್ನು ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ನಮ್ಮಂಥವರಿಗೆ ಅದು ಒಗ್ಗುವುದಿಲ್ಲ. ನಾನು ಹಿಡಿದ ದಾರಿ ಎಂದರೆ ಗುತ್ತಿಗೆದಾರರೆಲ್ಲ ಮೂರನೆಯ ತಾರೀಖಿನೊಳಗೆ ಬಿಲ್‌ನ ಫೋಟೋವನ್ನಾದರೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕು. ಆಮೇಲೆ ಬಂದದ್ದಕ್ಕೆ ಆ ತಿಂಗಳ ಪಾವತಿ ಸಾಲಿನಲ್ಲಿ ಜಾಗವಿಲ್ಲ. ಟಿಡಿಎಸ್ ನಿಯಮ ವಿವರಿಸಿದಾಗ ಬಾರದ ಬಿಲ್‌ಗಳು ಪಾವತಿ ತಡೆದಾಗ ಎರಡನೆಯ ತಾರೀಖಿಗೇ ಬರತೊಡಗಿದವು. ನಾಲ್ಕರಂದು ಎಂಟ್ರಿ, ಐದರಂದು ಸೆಕ್ಷನ್‌ವಾರು ಬಾಕಿ ಹೊಂದಿಸುವುದು, ಆರರಂದು ಪೋರ್ಟಲ್‌ನಲ್ಲಿ ಚಲನ್. ಏಳನೆಯ ತಾರೀಖಿಗೆ ಏನನ್ನೂ ಇಟ್ಟುಕೊಳ್ಳುವುದಿಲ್ಲ, ಆ ದಿನ ಪೋರ್ಟಲ್ ತೆವಳುತ್ತದೆ.

ಇನ್ನು ಕಾರ್ಮಿಕ ಗುತ್ತಿಗೆದಾರರ ಪ್ರಮಾಣಪತ್ರದ ಕಥೆ. ದೀಪಾವಳಿ ಕಳೆದ ಮೇಲೆ, ನವೆಂಬರ್ ಕೊನೆಗೆ ಅವರು ಅದನ್ನು ತಂದೇಬಿಟ್ಟರು. ಟಿಡಿಎಸ್ ಹಿಡಿಯುವವರ ಸಂಖ್ಯೆಯಾದ ನಮ್ಮ ಟ್ಯಾನ್ ನಮೂದಾಗಿದ್ದ ಪ್ರಮಾಣಪತ್ರ, ದರ ಶೇಕಡಾ 0.5, 2025ರ ಮಾರ್ಚ್ 31ರವರೆಗೆ. ಅವರ ಮುಖ ಅರಳಿತ್ತು. ಏಪ್ರಿಲ್‌ನಿಂದ ಹಿಡಿದ ಹೆಚ್ಚಿನ ತೆರಿಗೆ ವಾಪಸ್ ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ, ಪ್ರಮಾಣಪತ್ರ ಕೊಟ್ಟ ದಿನದಿಂದ ಮುಂದಕ್ಕೆ ಮಾತ್ರ ಲೆಕ್ಕ, ಹಿಂದಿನದನ್ನು ಅವರು ತಮ್ಮ ರಿಟರ್ನಿನಲ್ಲಿ ರೀಫಂಡ್ ಕೇಳಬೇಕು. ನಾನು ಆ ಕಾಗದದಲ್ಲಿ ಮೊದಲು ಹುಡುಕಿದ್ದು ದರವನ್ನಲ್ಲ, ಮಿತಿಯ ಮೊತ್ತವನ್ನು. 5,00,000 ಎಂದಿತ್ತು. ಅಷ್ಟು ಮೊತ್ತದ ಬಿಲ್‌ಗಳಿಗೆ ಮಾತ್ರ ಕಡಿಮೆ ದರ. ಟ್ರೇಸಸ್‌ನಲ್ಲಿ ಪ್ರಮಾಣಪತ್ರದ ಸಂಖ್ಯೆ ಹಾಕಿ ಪರಿಶೀಲಿಸಿ, ಅವರ ಲೆಡ್ಜರಿನಲ್ಲಿ ದರ ಬದಲಿಸಿ, ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದಿಟ್ಟೆ. 26ಕ್ಯೂನಲ್ಲಿಯೂ ಆ ಸಾಲುಗಳಿಗೆ `A` ಗುರುತು ಮತ್ತು ಪ್ರಮಾಣಪತ್ರದ ಸಂಖ್ಯೆ ಹಾಕಬೇಕು, ಇಲ್ಲವಾದರೆ ಶೇಕಡಾ 2ಕ್ಕೆ ಕಡಿಮೆ ಬಿದ್ದ ಮೊತ್ತಕ್ಕೆ ನೋಟಿಸ್ ಬರುತ್ತದೆ.

ಡಿಸೆಂಬರ್, ಜನವರಿ, ಫೆಬ್ರವರಿ ಬಿಲ್‌ಗಳಿಗೆ ತಲಾ 750 ಹಿಡಿದೆವು. ಮೂರು ತಿಂಗಳಿಗೆ 4,50,000 ಮುಗಿಯಿತು, ಮಿತಿಯಲ್ಲಿ ಉಳಿದದ್ದು 50,000. ಮಾರ್ಚ್ 31ರ ಸಂಜೆಯಾದರೂ ಮಾರ್ಚ್ ಬಿಲ್ ಬಂದಿರಲಿಲ್ಲ. ವರ್ಷದ ಲೆಕ್ಕಕ್ಕೆ ಆ ಖರ್ಚು ಸೇರಲೇಬೇಕಲ್ಲ, ಹಾಗಾಗಿ 1,50,000ಕ್ಕೆ ಅಂದಾಜು ಎಂಟ್ರಿ ಹಾಕಿದೆ. ಕಾರ್ಮಿಕ ವೆಚ್ಚಕ್ಕೆ ಡೆಬಿಟ್, ಕೊಡಬೇಕಾದ ವೆಚ್ಚಗಳ ಖಾತೆಗೆ ಕ್ರೆಡಿಟ್. ಇನ್‌ವಾಯ್ಸ್ ಇಲ್ಲದ್ದರಿಂದ ಜಿಎಸ್‌ಟಿಯನ್ನು ಮುಟ್ಟಲಿಲ್ಲ. ಗುತ್ತಿಗೆದಾರರ ಹೆಸರಿನ ಖಾತೆಗೆ ಜಮಾ ಮಾಡಿಲ್ಲವಲ್ಲ, ಟಿಡಿಎಸ್ ಏಕೆ ಎಂದು ಮಾಲೀಕರು ಕೇಳಿದರು. ಸಸ್ಪೆನ್ಸ್ ಖಾತೆಯಾಗಲಿ, ಬೇರೆ ಯಾವ ಹೆಸರಿನ ಖಾತೆಯಾಗಲಿ, ಅಲ್ಲಿಗೆ ಜಮಾ ಮಾಡಿದರೂ ಅದು ಆ ಗುತ್ತಿಗೆದಾರರಿಗೇ ಜಮಾ ಮಾಡಿದಂತೆ ಎಂದು ಸೆಕ್ಷನ್‌ನಲ್ಲೇ ಬರೆದಿದೆ. ಹೆಸರು ಬಚ್ಚಿಟ್ಟು ತಪ್ಪಿಸಿಕೊಳ್ಳುವವರನ್ನು ಕಂಡೇ ಬರೆದಿರಬೇಕು.

ಹೀಗಾಗಿ 50,000ಕ್ಕೆ ಶೇಕಡಾ 0.5ರಂತೆ 250, ಉಳಿದ ಒಂದು ಲಕ್ಷಕ್ಕೆ ಶೇಕಡಾ 2ರಂತೆ 2,000, ಒಟ್ಟು 2,250. ಮಾರ್ಚ್ ತಿಂಗಳ ಟಿಡಿಎಸ್ ಕಟ್ಟಲು ಏಳರ ಬದಲು ಏಪ್ರಿಲ್ 30ರವರೆಗೆ ಸಮಯವಿರುವುದರಿಂದ ಚಲನ್ ಕಟ್ಟದೆ ಕಾದೆ. ಏಪ್ರಿಲ್ ಎರಡನೆಯ ವಾರ ಮಾರ್ಚ್ 31ರ ದಿನಾಂಕದ ಬಿಲ್ ಬಂತು. ವರ್ಷಾಂತ್ಯದ ಓವರ್‌ಟೈಮ್ ಸೇರಿ 1,56,000, ಜಿಎಸ್‌ಟಿ 28,080. ಅಂದಾಜು ಎಂಟ್ರಿಯನ್ನು ತೆಗೆದು ಅದೇ ತಾರೀಖಿನಲ್ಲಿ ನಿಜವಾದ ಬಿಲ್ ಹಾಕಿದೆ. ಹೆಚ್ಚಾದ 6,000ಕ್ಕೆ ಇನ್ನೂ 120 ಸೇರಿ ಟಿಡಿಎಸ್ 2,370. ಅವರಿಗೆ ಹೋದದ್ದು 1,81,710.

ಪಾವತಿ ಚೀಟಿ ನೋಡಿ ಅವರು ಕೂಡಲೇ ಫೋನ್ ಮಾಡಿದರು. "ಮೇಡಂ, ಏಳೆಂಟು ನೂರು ಹಿಡಿಯಬೇಕಾದ ಕಡೆ ಎರಡು ಸಾವಿರದ ಮೇಲೆ ಹಿಡಿದಿದ್ದೀರಿ, ಪ್ರಮಾಣಪತ್ರ ಕೊಟ್ಟಿದ್ದೇನಲ್ಲ!" ಅದರ ಮಿತಿಯ ಸಾಲನ್ನು ಓದಿ ಹೇಳಿದೆ. ಅರ್ಜಿ ಹಾಕುವಾಗ ನಮ್ಮ ಕಡೆಯಿಂದ ಬರುವ ಬಿಲ್‌ಗಳನ್ನು ಮೂರು ತಿಂಗಳಿಗಷ್ಟೇ ಅಂದಾಜು ಮಾಡಿದ್ದರಂತೆ. ಹಳೆಯ ಪ್ರಮಾಣಪತ್ರ ಮಾರ್ಚ್‌ಗೇ ಮುಗಿದಿತ್ತು, ಹೊಸದು ಬರುವವರೆಗೆ ಏಪ್ರಿಲ್ ಬಿಲ್‌ಗೆ ಮತ್ತೆ ಶೇಕಡಾ 2. ಹೊಸ ಅರ್ಜಿಗೆ ಬೇಕೆಂದು ಅವರು ಕಳೆದ ವರ್ಷದ ನಮ್ಮ ಲೆಡ್ಜರ್ ಪ್ರತಿ ಕೇಳಿದರು. ಹನ್ನೆರಡು ತಿಂಗಳ ಬಿಲ್, ಟಿಡಿಎಸ್, ಪಾವತಿ ಮೂರೂ ಬೇರೆ ಬೇರೆ ಕಾಣುವ ಪ್ರತಿಯನ್ನು ಅವತ್ತೇ ಇಮೇಲ್ ಮಾಡಿದೆ.